ಐದು ಪುಟದ ಬಾಡಿಗೆ ಅಗ್ರಿಮೆಂಟನ್ನು ಒಂದು ಪುಟದ ಪಟ್ಟಿಯಾಗಿ ಮಾಡುವುದು ಹೇಗೆ?

ಬೆಂಗಳೂರಿನಲ್ಲಿ ಮನೆ ಬಾಡಿಗೆ ಅಗ್ರಿಮೆಂಟ್ ಅಂದರೆ ಸಾಮಾನ್ಯವಾಗಿ ಇ-ಸ್ಟ್ಯಾಂಪ್ ಪೇಪರ್ ಒಂದು, ಅದರ ಹಿಂದೆ ನಾಲ್ಕೈದು ಹಾಳೆ, ಎಲ್ಲ ಇಂಗ್ಲಿಷಿನಲ್ಲಿ. ಅವಧಿ 11 ತಿಂಗಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಗೋಜೇ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಟೈಪಿಂಗ್ ಅಂಗಡಿಯವರ ಬಳಿ ರೆಡಿ ಇರುವ ಒಂದು ಫೈಲು, ಅದರಲ್ಲಿ ಹೆಸರು, ತಾರೀಖು, ಬಾಡಿಗೆ ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ನಾವು ಪ್ರತಿ ಹಾಳೆಗೂ ಸಹಿ ಹಾಕಿ ಬೀರುವಿನಲ್ಲಿಡುತ್ತೇವೆ. ಮತ್ತೆ ಅದನ್ನು ತೆಗೆಯುವುದು ಮನೆ ಬಿಡುವಾಗ, ಅಡ್ವಾನ್ಸ್ ವಿಷಯಕ್ಕೆ ಮಾತು ಬಿಸಿಯಾದ ಮೇಲೆ.

ಇಲ್ಲಿ ಹೇಳುತ್ತಿರುವುದು ಆ ಅಗ್ರಿಮೆಂಟನ್ನು, ಸಹಿ ಹಾಕುವ ಮೊದಲೇ, ಒಂದು ಪುಟದ ಕನ್ನಡ ಪಟ್ಟಿಯಾಗಿ ಇಳಿಸುವ ಕ್ರಮ. ಫೋನಿನಲ್ಲಿ ಎರಡು ನಿಮಿಷದಲ್ಲಿ ಕಣ್ಣಾಡಿಸುವಂತಿರಬೇಕು. ಆದರೆ ಚಿಕ್ಕದು ಮಾಡುವ ಭರದಲ್ಲಿ ದುಡ್ಡಿನ ವಿಷಯ ಬಿಟ್ಟುಹೋಗಬಾರದು. ಪ್ರತಿ ಷರತ್ತನ್ನೂ ಬೇರೆ ಬೇರೆಯಾಗಿ ಚಿಕ್ಕದು ಮಾಡುತ್ತಾ ಹೋದರೆ ಅಂಥದ್ದು ಬಿಟ್ಟೇಹೋಗುತ್ತದೆ. ಏಕೆ ಅಂತ ಮುಂದೆ ನೋಡೋಣ.

ಉದಾಹರಣೆಗೆ ಒಂದು ಎರಡು ಬೆಡ್‌ರೂಮಿನ ಫ್ಲಾಟ್ ಇಟ್ಟುಕೊಳ್ಳೋಣ. ಬಾಡಿಗೆ 22,000. ಅಡ್ವಾನ್ಸ್ 1,50,000. ಮೇಂಟೆನೆನ್ಸ್ 2,500. 2025ರ ಜುಲೈ 1ರಿಂದ 11 ತಿಂಗಳು. ಒಟ್ಟು 15 ಷರತ್ತು, ಕೊನೆಯಲ್ಲಿ ಫ್ಯಾನು-ಗೀಸರ್‌ಗಳ ಪಟ್ಟಿ. ಅಂಕಿಗಳು ನಾನು ಇಟ್ಟುಕೊಂಡವು. ಷರತ್ತುಗಳ ಧಾಟಿ ಮಾತ್ರ ನಮ್ಮ ಅಂಗಡಿಗಳಲ್ಲಿ ಸಿಗುವುದೇ.

ಹಂತ 1: ಮೊದಲು ಪೆನ್ಸಿಲ್ ಹಿಡಿದು ಓದಿ

ಪ್ರಿಂಟ್ ತೆಗೆದು, ಷರತ್ತುಗಳಿಗೆ ನಂಬರ್ ಇಲ್ಲದಿದ್ದರೆ ನೀವೇ ಹಾಕಿ. ನಂಬರ್ ಇಲ್ಲದ ಪಟ್ಟಿ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಓನರ್ ಜೊತೆ ಮಾತಾಡುವಾಗ "ಎಲ್ಲೋ ಬರೆದಿತ್ತು" ಅನ್ನುವುದಕ್ಕೂ "ಒಂಬತ್ತನೇ ಷರತ್ತಿನಲ್ಲಿದೆ" ಅನ್ನುವುದಕ್ಕೂ ವ್ಯತ್ಯಾಸವಿದೆ, ಅಲ್ವಾ?

ಓದುತ್ತಾ ನಾಲ್ಕು ಬಗೆಯ ವಿಷಯಕ್ಕೆ ಮಾತ್ರ ಗುರುತು ಹಾಕಿ: ದುಡ್ಡು, ತಾರೀಖು ಅಥವಾ ದಿನ, ಯಾರಾದರೂ ಮಾಡಬೇಕಾದ ಕೆಲಸ, ಮಾಡದಿದ್ದರೆ ಆಗುವುದು. ಇವು ಯಾವುದೂ ಇಲ್ಲದ ಸಾಲು ಪಟ್ಟಿಗೆ ಬೇಕಿಲ್ಲ. ಶುರುವಿನಲ್ಲಿ ಬರುವ "ಮಾಲೀಕರು ಈ ಸ್ವತ್ತಿನ ಸಂಪೂರ್ಣ ಒಡೆಯರಾಗಿದ್ದು..." ಎಂಬ ಅರ್ಧ ಪುಟ ಹೀಗೆ ಹೋಗುತ್ತದೆ.

ಹಾಗಂತ ಆ ಅರ್ಧ ಪುಟವನ್ನು ಓದದೆ ಬಿಡಬೇಡಿ. ಹಳೆಯ ಫೈಲಿನ ಕಸ ಉಳಿಯುವುದು ಅಲ್ಲೇ. ಹಿಂದಿನ ಬಾಡಿಗೆದಾರರ ಹೆಸರು, ಪಕ್ಕದ ಫ್ಲಾಟಿನ ನಂಬರ್, ಕರೆಂಟ್ ಮೀಟರಿನ ತಪ್ಪು ಆರ್‌ಆರ್ ನಂಬರ್ ಎಲ್ಲ ಸಿಗುತ್ತವೆ. ಬಾಡಿಗೆಯ ಅಂಕಿಗೂ ಅಕ್ಷರಕ್ಕೂ ತಾಳೆ ಇದೆಯಾ ನೋಡಿ. ಅಂಕಿ ಬದಲಾಯಿಸಿ ಅಕ್ಷರ ಮರೆಯುವುದು ಟೈಪಿಂಗಿನಲ್ಲಿ ಮಾಮೂಲು. ಇಂಥ ತಪ್ಪು ಕಂಡರೆ ಪಟ್ಟಿಯಲ್ಲಿ ಸರಿ ಮಾಡಿ ಬರೆಯುವುದಲ್ಲ, ಅಗ್ರಿಮೆಂಟನ್ನೇ ತಿದ್ದಿಸಬೇಕು.

ಹಂತ 2: ಪಕ್ಷಗಳ ಹೆಸರು ಬದಲಾಯಿಸಿ

ಓನರನ್ನು ಲೆಸ್ಸರ್, ಬಾಡಿಗೆದಾರರನ್ನು ಲೆಸ್ಸೀ ಎಂದು ಬರೆದಿದ್ದರೆ ಗಡಿಬಿಡಿಯಲ್ಲಿ ಒಬ್ಬರ ಹೊಣೆ ಇನ್ನೊಬ್ಬರ ತಲೆಗೆ ಬೀಳುತ್ತದೆ. ಪಟ್ಟಿಯಲ್ಲಿ "ಓನರ್" ಮತ್ತು "ನಾನು" ಸಾಕು. ಬೇರೆಯವರಿಗೆ ಮಾಡಿಕೊಡುತ್ತಿದ್ದರೆ "ನೀವು". ಪ್ರತಿ ಸಾಲಿನಲ್ಲೂ ಇವರಲ್ಲಿ ಯಾರು ಅಂತ ಬರಲೇಬೇಕು. "ರಿಪೇರಿ ಮಾಡಿಸಬೇಕು" ಅಂದರೆ ಯಾರು? ಸಾಲು ಚಿಕ್ಕದಾಗುವಾಗ ಎಲ್ಲಕ್ಕಿಂತ ಮೊದಲು ಮಾಯವಾಗುವುದು ಈ "ಯಾರು".

ಹಂತ 3: ಷರತ್ತಿನ ಕ್ರಮ ಬಿಡಿ, ಮನೆಯಲ್ಲಿರುವವರ ಕ್ರಮ ಹಿಡಿಯಿರಿ

ಅಗ್ರಿಮೆಂಟ್ ಬರೆದ ಕ್ರಮ ಬಾಡಿಗೆದಾರರಿಗೆ ಬೇಕಾದ ಕ್ರಮ ಅಲ್ಲ. ಅಡ್ವಾನ್ಸ್ ಕೊಡುವುದು 3ನೇ ಷರತ್ತಿನಲ್ಲಿ, ಅದರಿಂದ ಪೇಂಟಿಂಗ್ ಕಡಿತ 12ರಲ್ಲಿ, ವಾಪಸ್ ಕೊಡುವುದು 14ರಲ್ಲಿ ಇರುತ್ತದೆ. ಓದುವವರಿಗೆ ಈ ಮೂರೂ ಒಂದೇ ಪ್ರಶ್ನೆ: ನನ್ನ ಕೈಗೆ ಎಷ್ಟು ವಾಪಸ್ ಬರುತ್ತದೆ?

ಆದ್ದರಿಂದ ಹಾಳೆಯಲ್ಲಿ ನಾಲ್ಕು ತಲೆಬರಹ ಹಾಕಿಕೊಳ್ಳಿ: ತಿಂಗಳು ತಿಂಗಳು ಕೊಡುವುದು, ಮನೆಯಲ್ಲಿರುವಾಗ, ಬಿಡಬೇಕಾದರೆ, ಅಡ್ವಾನ್ಸ್ ಲೆಕ್ಕ. ಗುರುತು ಹಾಕಿದ ಪ್ರತಿ ವಿಷಯವನ್ನೂ ಇವುಗಳಲ್ಲಿ ಒಂದರ ಕೆಳಗೆ, ಷರತ್ತಿನ ನಂಬರ್ ಸಮೇತ ಇಳಿಸಿ. ಒಂದೇ ಷರತ್ತು ಎರಡು ಕಡೆ ಬಂದರೂ ತೊಂದರೆ ಇಲ್ಲ.

ಹಂತ 4: ಸಂಬಂಧಪಟ್ಟ ಷರತ್ತುಗಳನ್ನು ಒಟ್ಟಿಗೆ ಓದಿ

ಜಾಸ್ತಿ ಹೊತ್ತು ಹಿಡಿಯಬೇಕಾದದ್ದು ಇಲ್ಲೇ. ನಮ್ಮ ಉದಾಹರಣೆಯಲ್ಲಿ 9 ಮತ್ತು 10ನೇ ಷರತ್ತು ಹೀಗಿವೆ ಅಂದುಕೊಳ್ಳಿ:

9. ಬಾಡಿಗೆದಾರರು ಮೊದಲ 6 ತಿಂಗಳ ಲಾಕ್-ಇನ್ ಅವಧಿಯಲ್ಲಿ ಮನೆ ಖಾಲಿ ಮಾಡತಕ್ಕದ್ದಲ್ಲ. ಮಾಡಿದಲ್ಲಿ ಲಾಕ್-ಇನ್‌ನ ಉಳಿದ ಅವಧಿಯ ಬಾಡಿಗೆಯನ್ನು ಕೊಡತಕ್ಕದ್ದು.

10. ಲಾಕ್-ಇನ್ ಅವಧಿ ಮುಗಿದ ನಂತರ ಯಾವುದೇ ಪಕ್ಷದವರು 2 ತಿಂಗಳ ಲಿಖಿತ ನೋಟಿಸ್ ನೀಡಿ ಈ ಒಪ್ಪಂದವನ್ನು ಕೊನೆಗೊಳಿಸಬಹುದು.

ಬೇರೆ ಬೇರೆಯಾಗಿ ಸಂಕ್ಷೇಪಿಸಿದರೆ "ಲಾಕ್-ಇನ್ 6 ತಿಂಗಳು" ಮತ್ತು "ನೋಟಿಸ್ 2 ತಿಂಗಳು" ಅಂತ ಎರಡು ಸಾಲು ಬರುತ್ತದೆ. ಎರಡೂ ಸರಿಯೇ. ಓದಿದವರು ಆರು ತಿಂಗಳಾದ ಮೇಲೆ ಹೊರಡಬಹುದು ಅಂದುಕೊಳ್ಳುತ್ತಾರೆ, ನವೆಂಬರ್ 1ಕ್ಕೆ ನೋಟಿಸ್ ಕೊಟ್ಟು ಡಿಸೆಂಬರ್ 31ಕ್ಕೆ ಲಾರಿ ಕರೆಸುತ್ತಾರೆ.

ಈಗ ಎರಡನ್ನೂ ಒಟ್ಟಿಗೆ ಓದಿ. ನೋಟಿಸ್ ಕೊಡುವ ಹಕ್ಕು ಬರುವುದೇ ಲಾಕ್-ಇನ್ ಮುಗಿದ ನಂತರ, ಅಂದರೆ 2026ರ ಜನವರಿ 1ಕ್ಕೆ. ಅಲ್ಲಿಂದ ಎರಡು ತಿಂಗಳು ಎಂದರೆ ಫೆಬ್ರವರಿ 28. ಈ ಮಾತಿನ ಪ್ರಕಾರ 11 ತಿಂಗಳಲ್ಲಿ 8 ತಿಂಗಳು ಕಟ್ಟಿಹಾಕಿದ ಹಾಗೆ. ಪಟ್ಟಿಯ ಸಾಲು ಹೀಗಾಗಬೇಕು:

- 2026ರ ಫೆಬ್ರವರಿ 28ಕ್ಕಿಂತ ಮೊದಲು ದುಡ್ಡು ಕಳೆದುಕೊಳ್ಳದೆ ಬಿಡುವ ಹಾಗಿಲ್ಲ. ನೋಟಿಸ್ ಜನವರಿ 1ರಿಂದ ಮಾತ್ರ ಕೊಡಬಹುದು, ಲಿಖಿತವಾಗಿ, 2 ತಿಂಗಳು. (ಷ. 9, 10)

ಕೆಲವು ಅಗ್ರಿಮೆಂಟಿನಲ್ಲಿ "ಮುಗಿದ ನಂತರ" ಎಂಬುದೇ ಇರುವುದಿಲ್ಲ. ಆಗ ಲಾಕ್-ಇನ್ ಒಳಗೇ ನೋಟಿಸ್ ಕೊಡಬಹುದು ಎಂಬ ಅರ್ಥಕ್ಕೂ ಜಾಗ ಇದೆ. ನಿಮಗೆ ಅನುಕೂಲವಾದ ಅರ್ಥವನ್ನು ಪಟ್ಟಿಗೆ ಹಾಕಬೇಡಿ. "ಸ್ಪಷ್ಟವಿಲ್ಲ, ಕೇಳಬೇಕು" ಅಂತ ಬರೆಯಿರಿ.

ಇದೇ ರೀತಿ ಒಟ್ಟಿಗೆ ಓದಬೇಕಾದ ಇನ್ನೊಂದು ಜೋಡಿ 1 ಮತ್ತು 13. ಅವಧಿ 11 ತಿಂಗಳು. ಎರಡೂ ಕಡೆಯವರು ಒಪ್ಪಿದರೆ 5% ಹೆಚ್ಚಳದೊಂದಿಗೆ ಮುಂದುವರಿಕೆ. ಎಷ್ಟೋ ಜನ ಇದನ್ನು "11 ತಿಂಗಳಾದ ಮೇಲೆ 5% ಜಾಸ್ತಿ ಕೊಟ್ಟರೆ ಆಯ್ತು" ಅಂತ ಇಳಿಸುತ್ತಾರೆ. "ಒಪ್ಪಿದರೆ" ಎಂಬುದು ಹೋಯಿತು. ಓನರ್ ಒಪ್ಪದೇ ಇರಬಹುದು. ಸರಿಯಾದ ಸಾಲು: "2026ರ ಮೇ 31ಕ್ಕೆ ಮುಗಿಯುತ್ತದೆ. ಇಬ್ಬರೂ ಒಪ್ಪಿದರೆ ಮಾತ್ರ ಮುಂದುವರಿಕೆ, ಆಗ ಜೂನ್ 1ರಿಂದ ಬಾಡಿಗೆ 23,100."

ಹಂತ 5: ಸಾಲು ಬರೆಯುವ ಅಚ್ಚು

ಯಾರು, ಏನು, ಎಷ್ಟು, ಯಾವಾಗ, ಇಲ್ಲದಿದ್ದರೆ ಏನು, ಷರತ್ತಿನ ನಂಬರ್. ಎಲ್ಲ ಸಾಲಿಗೂ ಆರೂ ಇರುವುದಿಲ್ಲ. ಇದ್ದದ್ದನ್ನು ಬಿಡಬಾರದು, ಅಷ್ಟೇ. ಶೇಕಡಾವಾರು ಇದ್ದರೆ ರೂಪಾಯಿ ಮಾಡಿ, "ಇಷ್ಟು ತಿಂಗಳು" ಅಂತಿದ್ದರೆ ತಾರೀಖು ಮಾಡಿ. 11 ತಿಂಗಳು ಮುಗಿಯುವುದು ಯಾವತ್ತು ಅಂತ ಪ್ರತಿ ಸಲ ಬೆರಳು ಮಡಚಿ ಎಣಿಸುವ ಹಾಗಿರಬಾರದು.

ಚಿಕ್ಕದು ಮಾಡುವಾಗ ಉದುರಿಹೋಗುವ ತುಂಡುಗಳು ಕೆಲವಿವೆ: "ಹೊರತುಪಡಿಸಿ", "ಮುಂಚಿತವಾಗಿ ತಿಳಿಸಿ", "ಲಿಖಿತ ಒಪ್ಪಿಗೆ ಇಲ್ಲದೆ". ಇವುಗಳನ್ನು ಕಾಪಾಡಿಕೊಳ್ಳಿ. 14ನೇ ಷರತ್ತು "ಸಹಜ ಸವಕಳಿ ಹೊರತುಪಡಿಸಿ ಉಳಿದ ಹಾನಿಯ ವೆಚ್ಚವನ್ನು ಅಡ್ವಾನ್ಸ್‌ನಲ್ಲಿ ಕಳೆಯತಕ್ಕದ್ದು" ಅನ್ನುತ್ತದೆ. ಅದನ್ನು "ಹಾನಿ ಖರ್ಚು ಅಡ್ವಾನ್ಸ್‌ನಲ್ಲಿ ಕಡಿತ" ಅಂತ ಇಳಿಸಿದರೆ, ಸೋಫಾ ತಾಗಿ ಮಾಸಿದ ಗೋಡೆಗೂ ನೀವೇ ದುಡ್ಡು ಕೊಡಬೇಕು ಅನ್ನಿಸುತ್ತದೆ. ಹಾಗೆಯೇ 8ನೇ ಷರತ್ತು "ಮುಂಚಿತವಾಗಿ ತಿಳಿಸಿ ಓನರ್ ಮನೆ ನೋಡಬಹುದು". ಇಲ್ಲಿ "ತಿಳಿಸಿ" ಬಿಟ್ಟರೆ ಅವರು ಯಾವಾಗ ಬೇಕಾದರೂ ಬಾಗಿಲು ತಟ್ಟಬಹುದು ಅಂತಾಯಿತು.

"ಬಹುದು" ಮತ್ತು "ತಕ್ಕದ್ದು" ಕೂಡ ಅದಲು ಬದಲಾಗಬಾರದು. ಎರಡು ತಿಂಗಳ ಬಾಡಿಗೆ ಬಾಕಿಯಾದರೆ ಓನರ್ ಒಪ್ಪಂದ ರದ್ದು ಮಾಡಬಹುದು ಅಂತಿದ್ದರೆ, ತಾನಾಗಿಯೇ ರದ್ದಾಗುತ್ತದೆ ಅಂತ ಅರ್ಥವಲ್ಲ.

ಇನ್ನೊಂದು ಶಿಸ್ತು: ನಿಮ್ಮ ಅಭಿಪ್ರಾಯವನ್ನು ಸಾಲಿನೊಳಗೆ ಬೆರೆಸಬೇಡಿ. 15ನೇ ಷರತ್ತು ಅವಧಿ ಮುಗಿದ ಮೇಲೂ ಖಾಲಿ ಮಾಡದಿದ್ದರೆ ದಿನಕ್ಕೆ 2,000 ರೂಪಾಯಿ ಅನ್ನುತ್ತದೆ. ಬಾಡಿಗೆ ದಿನಕ್ಕೆ ಸುಮಾರು 730 ಬೀಳುವಾಗ ಇದು ಜಾಸ್ತಿಯೇ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ದಂಡವೆಲ್ಲ ಹಾಗೇ ಸಿಗುವುದಿಲ್ಲ. ಆ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ. ಆದರೂ ಪಟ್ಟಿಯಲ್ಲಿ "ದಿನಕ್ಕೆ 2,000 (ಷ. 15)" ಅಂತಲೇ ಇರಲಿ. ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ನಾಳೆ ಅಡ್ವಾನ್ಸ್‌ನಲ್ಲಿ ಕಡಿತಕ್ಕೆ ಕೂರುವ ಓನರ್ ಕೈಯಲ್ಲಿರುವುದು ಈ ಸಾಲೇ.

ಹಂತ 6: ಬಿಡುವ ದಿನದ ಲೆಕ್ಕ ಮಾಡಿಡಿ

ಪಟ್ಟಿಯಲ್ಲಿ ಅತಿ ಹೆಚ್ಚು ಸಲ ನೋಡುವ ಜಾಗ ಇದು. ಎರಡು ಸಂದರ್ಭಕ್ಕೆ ಲೆಕ್ಕ ಹಾಕಿ.

ಸರಿಯಾಗಿ ನೋಟಿಸ್ ಕೊಟ್ಟು ಫೆಬ್ರವರಿ 28ಕ್ಕೆ ಬಿಟ್ಟರೆ, 1,50,000ದಲ್ಲಿ ಪೇಂಟಿಂಗ್-ಕ್ಲೀನಿಂಗಿಗೆ ಒಂದು ತಿಂಗಳ ಬಾಡಿಗೆ 22,000 ಹೋಗಿ 1,28,000. ಅದರಲ್ಲಿ ಕೊನೆಯ ಕರೆಂಟ್ ಬಿಲ್ಲು, ಹಾನಿ ಇದ್ದರೆ ಅದು ಕಳೆಯಬೇಕು.

ಅಕ್ಟೋಬರ್ 31ಕ್ಕೇ ಊರು ಬಿಡಬೇಕಾಯಿತು ಅಂದುಕೊಳ್ಳಿ. ಲಾಕ್-ಇನ್‌ನ ಉಳಿದ ಎರಡು ತಿಂಗಳು, ನವೆಂಬರ್ ಮತ್ತು ಡಿಸೆಂಬರ್, 44,000. ಪೇಂಟಿಂಗ್ 22,000. ಉಳಿಯುವುದು 84,000. ಈ ಅಂಕಿ ಸಹಿಗೆ ಮುಂಚೆ ಕಣ್ಣಿಗೆ ಬಿದ್ದರೆ, ಟ್ರಾನ್ಸ್‌ಫರ್ ಆಗುವ ಸಾಧ್ಯತೆ ಇರುವವರು ಲಾಕ್-ಇನ್ ಬಗ್ಗೆ ಆಗಲೇ ಮಾತಾಡುತ್ತಾರೆ.

ಒಂದು ಮಾತು. ಹೆಸರು ಅಡ್ವಾನ್ಸ್ ಅಂತಿದ್ದರೂ ಅದು ಮುಂಗಡ ಬಾಡಿಗೆ ಅಲ್ಲ. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಅನ್ನುವ ರೂಢಿ ಜನರಲ್ಲಿದೆ. ಬಹಳ ಅಗ್ರಿಮೆಂಟ್‌ಗಳು ಅದನ್ನು ನೇರವಾಗಿ ತಡೆಯುತ್ತವೆ. ನಿಮ್ಮದರಲ್ಲಿ ತಡೆ ಇದ್ದರೆ ಅದಕ್ಕೊಂದು ಸಾಲು ಕೊಡಿ.

ಹಂತ 7: ಬರೆಯದೇ ಬಿಟ್ಟದ್ದರ ಪಟ್ಟಿ

ಇದು ಸಂಕ್ಷೇಪ ಅಲ್ಲ ಅಂತ ಯಾರಾದರೂ ಹೇಳಬಹುದು. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದೇ. ಅಗ್ರಿಮೆಂಟಿನಲ್ಲಿ ಇರಬೇಕಾಗಿತ್ತು ಅನ್ನಿಸುವ, ಆದರೆ ಇಲ್ಲದ ವಿಷಯಗಳನ್ನು ಕೆಳಗೆ ಬೇರೆಯಾಗಿ ಬರೆಯಿರಿ. ಪಟ್ಟಿಯ ಒಳಗೆ ಸೇರಿಸಿದರೆ ಅಗ್ರಿಮೆಂಟ್ ಹೇಳಿದ್ದು ಯಾವುದು, ನಿಮ್ಮ ಪ್ರಶ್ನೆ ಯಾವುದು ಅಂತ ಗೊತ್ತಾಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಮೊದಲನೆಯದು ಅಡ್ವಾನ್ಸ್ ವಾಪಸ್ ಬರುವ ದಿನ. 3ನೇ ಷರತ್ತು "ಖಾಲಿ ಮಾಡುವಾಗ ಹಿಂದಿರುಗಿಸತಕ್ಕದ್ದು" ಅನ್ನುತ್ತದೆ. 14ನೆಯದು "ಬಾಕಿ ಬಿಲ್ಲುಗಳನ್ನು ಪರಿಶೀಲಿಸಿದ ನಂತರ" ಅನ್ನುತ್ತದೆ. ಪರಿಶೀಲನೆಗೆ ಎಷ್ಟು ದಿನ? ಇಲ್ಲ. ಪೇಂಟಿಂಗಿಗೆ ಹಿಡಿಯುವ ಬಾಡಿಗೆ ಶುರುವಿನ 22,000ವೋ, ಮುಂದುವರಿದರೆ 23,100ವೋ? ಇಲ್ಲ. ಚಿಕ್ಕ ರಿಪೇರಿ ನನ್ನದು, ದೊಡ್ಡದು ಓನರದು ಅಂತ 6ನೇ ಷರತ್ತಿದೆ. ಎಷ್ಟು ರೂಪಾಯಿಯವರೆಗೆ ಚಿಕ್ಕದು? ಗೀಸರ್ ಕಾಯಿಲ್ ಸುಟ್ಟರೆ ಯಾವುದಕ್ಕೆ ಸೇರುತ್ತದೆ? ಕಾವೇರಿ ನೀರು ಬಾರದ ತಿಂಗಳು ಟ್ಯಾಂಕರ್ ಖರ್ಚು ಮೇಂಟೆನೆನ್ಸ್ ಒಳಗೋ, ಹೊರಗೋ? ಲಾಕ್-ಇನ್ ಒಳಗೆ ಓನರೇ ಬಿಡಿ ಅಂದರೆ ಅವರಿಗೇನು? 9ನೇ ಷರತ್ತಿನಲ್ಲಿ ದಂಡ ಇರುವುದು ಬಾಡಿಗೆದಾರರಿಗೆ ಮಾತ್ರ.

ಕೆಲವಕ್ಕೆ ಅಗ್ರಿಮೆಂಟ್ ಸುಮ್ನಿದ್ದರೂ ಕಾನೂನಿನಲ್ಲಿ ಉತ್ತರ ಇರುತ್ತದೆ. ನೋಟಿಸ್ ಬಗ್ಗೆ ಏನೂ ಬರೆಯದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳಿಂದ ತಿಂಗಳ ಬಾಡಿಗೆಯ ಮನೆಗೆ 15 ದಿನ. ಅವಧಿ ಮುಗಿದ ಮೇಲೂ ನೀವಿದ್ದು, ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ, 116ನೇ ಸೆಕ್ಷನ್ ಅದನ್ನು ತಿಂಗಳಿಂದ ತಿಂಗಳ ಬಾಡಿಗೆಯಾಗಿ ನೋಡುತ್ತದೆ, ಬೇರೆ ಮಾತಾಗಿಲ್ಲದಿದ್ದರೆ. ಅಂಥದ್ದನ್ನು ಬರೆದರೆ "ಕಾನೂನಿನಿಂದ" ಅಂತ ಪಕ್ಕದಲ್ಲಿ ಗುರುತಿಸಿ. ಸಂಶಯ ಇದ್ದರೆ ವಕೀಲರನ್ನು ಕೇಳುವವರೆಗೆ ಬರೆಯಬೇಡಿ.

ಮುಗಿದ ಪಟ್ಟಿ ಹೀಗಿರುತ್ತದೆ

*ತಿಂಗಳು ತಿಂಗಳು*
- ನಾನು 22,000 ಬಾಡಿಗೆ 5ನೇ ತಾರೀಖಿನೊಳಗೆ ಓನರ್ ಖಾತೆಗೆ. (ಷ. 2)
- ಮೇಂಟೆನೆನ್ಸ್ 2,500 ನಾನೇ ಅಸೋಸಿಯೇಷನ್‌ಗೆ. (ಷ. 4)
- ಕರೆಂಟ್, ನೀರಿನ ಬಿಲ್ಲು ನನ್ನದು. (ಷ. 5)
- 2 ತಿಂಗಳು ಬಾಕಿಯಾದರೆ ಓನರ್ ಒಪ್ಪಂದ ರದ್ದು ಮಾಡಬಹುದು. (ಷ. 11)

*ಇರುವಾಗ*
- ಚಿಕ್ಕ ರಿಪೇರಿ ನನ್ನದು, ದೊಡ್ಡದು ಓನರದು. (ಷ. 6)
- ಓನರ್ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಒಳಬಾಡಿಗೆ ಕೊಡುವ ಹಾಗಿಲ್ಲ. (ಷ. 7)
- ಮುಂಚೆ ತಿಳಿಸಿ ಓನರ್ ಮನೆ ನೋಡಲು ಬರಬಹುದು. (ಷ. 8)

*ಬಿಡಬೇಕಾದರೆ*
- ನಷ್ಟವಿಲ್ಲದೆ ಬಿಡಬಹುದಾದ ಮೊದಲ ದಿನ 28-2-2026. ನೋಟಿಸ್ ಲಿಖಿತ, 2 ತಿಂಗಳು, 1-1-2026ರಿಂದ. ಅಂದಿನಿಂದ ಓನರ್ ಕೂಡ ಕೊಡಬಹುದು. (ಷ. 9, 10)
- 31-12-2025ಕ್ಕಿಂತ ಮೊದಲೇ ಬಿಟ್ಟರೂ 31-12-2025ರವರೆಗಿನ ಬಾಡಿಗೆ ನಾನು ಕೊಡಬೇಕು. (ಷ. 9)
- 31-5-2026ಕ್ಕೆ ಅವಧಿ ಮುಕ್ತಾಯ. ಇಬ್ಬರೂ ಒಪ್ಪಿದರೆ 23,100ಕ್ಕೆ ಮುಂದುವರಿಕೆ. (ಷ. 1, 13)
- ಮುಗಿದ ಮೇಲೂ ಖಾಲಿ ಮಾಡದಿದ್ದರೆ ದಿನಕ್ಕೆ 2,000. (ಷ. 15)

*ಅಡ್ವಾನ್ಸ್ 1,50,000, ಬಡ್ಡಿ ಇಲ್ಲ* (ಷ. 3)
- ಪೇಂಟಿಂಗ್-ಕ್ಲೀನಿಂಗಿಗೆ 1 ತಿಂಗಳ ಬಾಡಿಗೆ ಕಡಿತ. (ಷ. 12)
- ಬಾಕಿ ಬಿಲ್ಲು, ಹಾನಿ ಕಡಿತ. ಸಹಜ ಸವಕಳಿಗೆ ಕಡಿತವಿಲ್ಲ. (ಷ. 14)
- ಸರಿಯಾಗಿ ಬಿಟ್ಟರೆ ಸುಮಾರು 1,28,000 ವಾಪಸ್.

ಅದರ ಕೆಳಗೆ ಒಂದು ಗೆರೆ ಎಳೆದು "ಅಗ್ರಿಮೆಂಟಿನಲ್ಲಿ ಇಲ್ಲ" ಎಂಬ ಭಾಗ.

ಹಂತ 8: ತಿರುಗಿಸಿ ಪರೀಕ್ಷೆ ಮಾಡಿ

ಮೊದಲ ಪರೀಕ್ಷೆ ಸುಲಭ. 1ರಿಂದ 15ರವರೆಗಿನ ನಂಬರ್‌ಗಳಲ್ಲಿ ಪಟ್ಟಿಯಲ್ಲಿ ಕಾಣದ್ದು ಯಾವುದು? ಅದನ್ನು ಬೇಕೆಂದೇ ಬಿಟ್ಟಿರೋ ಮರೆತಿರೋ ನೋಡಿ. ಫ್ಯಾನು-ಗೀಸರ್ ಪಟ್ಟಿಗೆ ಇಲ್ಲಿ ಜಾಗ ಬೇಡ. ಬದಲಿಗೆ ಮನೆ ಸೇರಿದ ದಿನವೇ ಪ್ರತಿಯೊಂದರ ಫೋಟೋ ತೆಗೆದಿಡಿ.

ಎರಡನೆಯದಕ್ಕೆ ಮನೆಯಲ್ಲಿ ಅಗ್ರಿಮೆಂಟ್ ಓದದ ಒಬ್ಬರು ಬೇಕು. ಅವರ ಕೈಗೆ ಪಟ್ಟಿ ಕೊಟ್ಟು "ನವೆಂಬರ್‌ನಲ್ಲಿ ಬಿಟ್ಟರೆ ಎಷ್ಟು ಕಳೆದುಕೊಳ್ಳುತ್ತೀವಿ?", "ಓನರ್ ಹೇಳದೆ ಬರಬಹುದಾ?" ಅಂತ ಕೇಳಿ. ಅವರ ಉತ್ತರವನ್ನು ಮೂಲ ಷರತ್ತಿನ ಜೊತೆ ಹೋಲಿಸಿ. ಎಲ್ಲಿ ತಪ್ಪುತ್ತಾರೋ ಅಲ್ಲಿ ನಿಮ್ಮ ಸಾಲು ಸರಿಯಿಲ್ಲ.

ಹಂತ 9: ಓನರ್ ಜೊತೆ ಮಾತು

"ಇಲ್ಲ" ಪಟ್ಟಿಯಿಂದ ದೊಡ್ಡ ಎರಡು ಮೂರನ್ನು ಮಾತ್ರ ಆರಿಸಿ. ಹತ್ತು ಪ್ರಶ್ನೆ ಒಟ್ಟಿಗೆ ಕಳಿಸಿದರೆ ಓನರ್‌ಗೆ ಕಿರಿಕಿರಿ, ಬೇರೆಯವರಿಗೆ ಮನೆ ಕೊಟ್ಟುಬಿಡುತ್ತಾರೆ. ವಾಟ್ಸಾಪ್‌ನಲ್ಲಿ ಹೀಗೆ ಕೇಳಬಹುದು: "ಸರ್, ನಮಸ್ಕಾರ. ಡ್ರಾಫ್ಟ್ ಓದಿದೆ. 14ರಲ್ಲಿ ಅಡ್ವಾನ್ಸ್ ವಾಪಸ್ ಕೊಡುವ ದಿನ ಬರೆದಿಲ್ಲ. ಕೀ ಕೊಟ್ಟ 7 ದಿನದೊಳಗೆ ಅಂತ ಸೇರಿಸಬಹುದಾ? 10ರಲ್ಲಿ ನೋಟಿಸನ್ನು ಲಾಕ್-ಇನ್ ಒಳಗೇ ಕೊಡಬಹುದು ಅಂತಾದರೆ ನಮಗೆ ಅನುಕೂಲ."

ಅವರು ಹೂಂ ಅಂದರೆ ಅಷ್ಟಕ್ಕೇ ಬಿಡಬೇಡಿ. ಅಗ್ರಿಮೆಂಟಿನ ಫೈಲಿನಲ್ಲೇ ಬದಲಾಯಿಸಿ ಪ್ರಿಂಟ್ ತೆಗೆಸಿ. ಈಗಾಗಲೇ ಪ್ರಿಂಟ್ ಆಗಿದ್ದರೆ ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ. ಎರಡೂ ಪ್ರತಿಯಲ್ಲಿ. ನಿಮ್ಮ ಪಟ್ಟಿಗೆ ಯಾರ ಸಹಿಯೂ ಬೇಡ. ಅದು ನಿಮ್ಮ ಅನುಕೂಲದ ಹಾಳೆ, ಜಗಳ ಬಂದರೆ ನಿಲ್ಲುವುದು ಅಗ್ರಿಮೆಂಟಿನ ಮಾತೇ. ಪಟ್ಟಿಯ ಮೇಲ್ತುದಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಯಾವ ತಾರೀಖಿನ ಅಗ್ರಿಮೆಂಟ್‌ನಿಂದ ಇಳಿಸಿದ್ದು ಎಂಬುದನ್ನೂ ಹಾಕಿ.

ಆಮೇಲೆ ತಾರೀಖುಗಳನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಜನವರಿ 1 ಒಂದು. ಮೇ 31ಕ್ಕೆ ಎರಡು ತಿಂಗಳು ಮುಂಚೆ, ಮಾರ್ಚ್ ಕೊನೆಯಲ್ಲಿ ಇನ್ನೊಂದು. ಮುಂದುವರಿಸುವ ಮಾತು ಆಗಲೇ ಶುರುವಾಗಬೇಕು. ಹೊಸ ಅಗ್ರಿಮೆಂಟ್ ಬಂದಾಗ "ಹಳೇದೇ, ತಾರೀಖು ಮಾತ್ರ ಬದಲು" ಅಂತ ಹೇಳಿದರೂ, ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಓದಿ. ಹೆಚ್ಚಳ 5% ಇದ್ದದ್ದು 10% ಆಗಿರಬಹುದು, ಕಳೆದುಹೋದ ಲಾಕ್-ಇನ್ ಮತ್ತೆ ಮೊದಲಿಂದ ಆರು ತಿಂಗಳು ಶುರುವಾಗಿರಬಹುದು. ಟಿಕ್ ಬೀಳದ ಸಾಲಿಗೆ ಮತ್ತೆ ಹಂತ 4ರಿಂದ ಕೆಲಸ.